ಪಿತ್ತವನ್ನು ಇಂಗ್ಲಿಷಿಗೆ ತರುವಾಗ ನಾನು ಮಾಡುವುದು

ಹುಬ್ಬಳ್ಳಿಯಲ್ಲಿ ಕೂತು ಕನ್ನಡದ ಕಾಗದಪತ್ರ ಇಂಗ್ಲಿಷಿಗೆ ಅನುವಾದ ಮಾಡಿಕೊಡುತ್ತೇನೆ. ಒಮ್ಮೆ ಗದಗಿನ ಅಜ್ಜಿಯೊಬ್ಬರ ಆಯುರ್ವೇದದ ಚೀಟಿ ಬಂತು. ಪುಣೆಯಲ್ಲಿರುವ ಮಗ ಅದನ್ನು ಅಲ್ಲಿನ ಡಾಕ್ಟರಿಗೆ ತೋರಿಸಬೇಕಿತ್ತು. ವೈದ್ಯರು ಬರೆದದ್ದು ಇಷ್ಟೇ: ಪಿತ್ತ ಜಾಸ್ತಿ, ಅಮ್ಲಪಿತ್ತ, ಹುಳಿತೇಗು, ಎದೆಯುರಿ. ಕೆಳಗೆ ಅವಿಪತ್ತಿಕರ ಚೂರ್ಣ.

ನಾನು ನಿಘಂಟು ನೋಡಿ ಪಿತ್ತಕ್ಕೆ ‘ಬೈಲ್’ ಅಂತ ಹಾಕಿದೆ. ಪುಣೆಯ ಡಾಕ್ಟರು ಪಿತ್ತಕೋಶದಲ್ಲಿ ಕಲ್ಲಿದೆಯಾ, ಸ್ಕ್ಯಾನ್ ಎಲ್ಲಿ ಅಂತ ಕೇಳಿದರಂತೆ. ಮಗ ಫೋನ್ ಮಾಡಿ, "ಸರ್, ನಮ್ಮವ್ವಗ ಲಿವರ್ ತ್ರಾಸ ಐತಿ ಅಂತ ಯಾರೂ ಹೇಳಿದ್ದಿಲ್ರಿ" ಅಂದರು. ತಪ್ಪು ನನ್ನದೇ.

ಬೈಲ್ ಅಂದರೆ ಲಿವರ್‌ನಲ್ಲಿ ತಯಾರಾಗುವ ರಸ. ಆಯುರ್ವೇದದ ಪಿತ್ತ ಅಷ್ಟಕ್ಕೇ ನಿಲ್ಲುವುದಿಲ್ಲ. ಅಲ್ಲಿ ಕಣ್ಣಿನಲ್ಲೂ ಒಂದು ಪಿತ್ತ ಇದೆ, ಅದಕ್ಕೆ ಆಲೋಚಕ ಅನ್ನುತ್ತಾರೆ, ನೋಟ ಅದರ ಕೆಲಸ. ಚರ್ಮದಲ್ಲಿರುವುದು ಭ್ರಾಜಕ. ಕಣ್ಣಿನಲ್ಲಿ ಬೈಲ್ ಇದೆ ಅಂತ ಬರೆದರೆ ಓದಿದವರು ಏನಂದುಕೊಳ್ಳಬೇಕು? ವಾತಕ್ಕೆ ‘ವಿಂಡ್’ ಹಾಕಿದರೆ ಹೊಟ್ಟೆಯ ಗ್ಯಾಸ್ ಅಂದುಕೊಳ್ಳುತ್ತಾರೆ, ಕಫಕ್ಕೆ ‘ಫ್ಲೆಮ್’ ಹಾಕಿದರೆ ಕೆಮ್ಮು ಅಂದುಕೊಳ್ಳುತ್ತಾರೆ, ಆದರೆ ಶ್ಲೇಷಕ ಕಫ ಇರುವುದು ಕೀಲುಗಳಲ್ಲಿ.

ಈಗ ಮೊದಲು ನೋಡುವುದು, ಪಿತ್ತ ಅಂದವರು ಯಾರು ಅಂತ. ನಮ್ಮ ಕಡೆ ಜನ "ಪಿತ್ತ ಆಗೇದ್ರಿ" ಅಂದರೆ ವಾಕರಿಕೆಯೋ ಹುಳಿ ವಾಂತಿಯೋ ತಲೆಸುತ್ತೋ ಇರುತ್ತದೆ, ಹಾಗಾಗಿ ಏನಾಗ್ತಿದೆ ಅಂತ ಕೇಳಿಕೊಂಡು ಅದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಪಿತ್ತ ಅನ್ನೋ ಪದವೇ ಬೇಡ. ವೈದ್ಯರು ಬರೆದ ಪಿತ್ತವಾದರೆ ಪದ ಹಾಗೇ ಉಳಿಸುತ್ತೇನೆ. ಮೊದಲ ಸಲ ಬಂದಾಗ ಮಾತ್ರ ಒಂದು ಸಾಲು ಸೇರಿಸುತ್ತೇನೆ: ಆಯುರ್ವೇದ ಹೇಳುವ ಮೂರು ದೋಷಗಳಲ್ಲಿ ಒಂದು, ಬಿಸಿ ಮತ್ತು ಜೀರ್ಣಕ್ಕೆ ಸಂಬಂಧಿಸಿದ್ದು, ಬೈಲ್ ಎಂದು ತಿಳಿಯಬಾರದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಯುರ್ವೇದದ ಪದಗಳ ಇಂಗ್ಲಿಷ್ ಪಟ್ಟಿ ಹೊರತಂದಿದೆ, ಅದನ್ನೂ ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ.

ಜಾಸ್ತಿ ಕಷ್ಟ ಕೊಡುವುದು ಕ್ರಿಯಾಪದ. ‘ದಿ ಪೇಷಂಟ್ ಹ್ಯಾಸ್’ ಅಂದ ಕೂಡಲೇ ಅದು ನನ್ನ ತೀರ್ಮಾನದ ಹಾಗೆ ಕೇಳುತ್ತದೆ. ಹಾಗಾಗಿ ‘ಆಯುರ್ವೇದ ವೈದ್ಯರು ಹೀಗೆ ದಾಖಲಿಸಿದ್ದಾರೆ’ ಅನ್ನುವ ರೀತಿ ಬರೆಯುತ್ತೇನೆ. ಅಮ್ಲಪಿತ್ತಕ್ಕೆ ‘ಆಸಿಡ್ ರಿಫ್ಲಕ್ಸ್’ ಅನ್ನಲು ಕೈ ಹೋಗುತ್ತದೆ, ಲಕ್ಷಣವೂ ಹತ್ತಿರವೇ, ಆದರೆ ಅದು ಬೇರೆ ಪದ್ಧತಿಯ ರೋಗದ ಹೆಸರು, ಆ ಹೆಸರನ್ನು ಇಲ್ಲಿ ಯಾರೂ ಕೊಟ್ಟಿಲ್ಲ ಅಲ್ವಾ? ‘ಪಿತ್ತಶಾಮಕ’ ಅಂದರೂ ಅಷ್ಟೇ. ‘ಕ್ಯೂರ್’ ಅಂತ ಬರೆದರೆ ವಾಸಿಯಾಗುತ್ತದೆ ಅಂತ ಭರವಸೆ ಕೊಟ್ಟಂತಾಗುತ್ತದೆ. ಪಿತ್ತ ತಗ್ಗಲಿ ಎಂದು ಕೊಟ್ಟ ಔಷಧ ಅಂತ ಮಾತ್ರ ಬರೆಯುತ್ತೇನೆ. ಔಷಧದ ಹೆಸರು ಮತ್ತು ಪ್ರಮಾಣ ಚೀಟಿಯಲ್ಲಿ ಇದ್ದ ಹಾಗೇ ಇರಬೇಕು. ಅವಿಪತ್ತಿಕರದಲ್ಲಿ ಬೇಧಿ ಮಾಡಿಸುವ ತಿಗಡೆ ಬೇರು ಇರುತ್ತದೆ, ಬೇರೆ ಮಾತ್ರೆ ಕೊಡುವ ಡಾಕ್ಟರಿಗೆ ಅದು ಗೊತ್ತಾಗಬೇಕು.

ಅಜ್ಜಿಯ ಚೀಟಿಯನ್ನು ಹೀಗೆ ತಿದ್ದಿ ಮತ್ತೆ ಕಳಿಸಿದೆ. ಈ ಸಲ ಆ ಡಾಕ್ಟರು ಕೇಳಿದ್ದು, ಎದೆಯುರಿ ಊಟದ ಮುಂಚೆಯೋ ಆಮೇಲೋ, ರಾತ್ರಿ ಮಲಗಿದಾಗ ಹೆಚ್ಚಾಗುತ್ತಾ ಅಂತ.