ಹಬ್ಬಕ್ಕಿಂತ ಮೊದಲು ಬರುವ ಪ್ರಶ್ನೆಗಳು: ಹುಡುಕಾಟದ ದಿನಗಳಿಗೆ ಬರಹ ಯೋಜಿಸುವ ಕ್ರಮ

ವರಮಹಾಲಕ್ಷ್ಮಿ ಹಬ್ಬ 2023ರಲ್ಲಿ ಆಗಸ್ಟ್ 25ಕ್ಕೆ, 2024ರಲ್ಲಿ ಆಗಸ್ಟ್ 16ಕ್ಕೆ, 2025ರಲ್ಲಿ ಆಗಸ್ಟ್ 8ಕ್ಕೆ ಬಂದಿತು. ಸ್ವಾತಂತ್ರ್ಯ ದಿನಾಚರಣೆ ಮಾತ್ರ ಮೂರೂ ವರ್ಷ ಆಗಸ್ಟ್ 15ರಲ್ಲೇ ನಿಂತಿತ್ತು. ಹೀಗಾಗಿ ಮಕ್ಕಳು ಸ್ವಾತಂತ್ರ್ಯ ದಿನದ ಭಾಷಣ ಹುಡುಕುವ ದಿನಗಳು 2023ರಲ್ಲಿ ಹಬ್ಬಕ್ಕಿಂತ ಹತ್ತು ದಿನ ಮುಂಚೆ ಬಂದವು, 2024ರಲ್ಲಿ ಹಬ್ಬದ ಜೊತೆಗೇ ಬಂದವು, 2025ರಲ್ಲಿ ಹಬ್ಬ ಮುಗಿದ ವಾರಕ್ಕೆ ಬಂದವು. ಅಂತರ್ಜಾಲದಲ್ಲಿ ಕನ್ನಡ ಓದುಗರಿಗಾಗಿ ಬರೆಯುವವರು ಹೋದ ವರ್ಷದ ವೇಳಾಪಟ್ಟಿಯನ್ನೇ ಈ ವರ್ಷಕ್ಕೂ ನಕಲು ಮಾಡಿಕೊಂಡರೆ ಎಡವುವುದು ಇಲ್ಲಿಯೇ. ಆದ್ದರಿಂದ ಯೋಜನೆಯನ್ನು ತಾರೀಖಿನಿಂದಲ್ಲ, ಹಬ್ಬಕ್ಕೆ ಇನ್ನೆಷ್ಟು ದಿನ ಉಳಿದಿದೆ ಎಂಬ ಎಣಿಕೆಯಿಂದ ಆರಂಭಿಸಬೇಕು.

ಮೊದಲು ದಿನಗಳನ್ನು ಮೂರು ಗುಂಪು ಮಾಡಿ

ಒಂದು ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆದುಕೊಳ್ಳಿ. ಮೊದಲನೆಯದರಲ್ಲಿ ತಾರೀಖು ಬದಲಾಗದ ದಿನಗಳಿರಲಿ: ಕನ್ನಡ ರಾಜ್ಯೋತ್ಸವ, ಗಣರಾಜ್ಯೋತ್ಸವ, ಶಿಕ್ಷಕರ ದಿನ, ಗಾಂಧಿ ಜಯಂತಿ, ಅಂಬೇಡ್ಕರ್ ಜಯಂತಿ. ಇವುಗಳಿಗೆ ಸಿದ್ಧತೆ ಸುಲಭ. ಭಾಷಣ ಮತ್ತು ಪ್ರಬಂಧ ಬೇಕಾದ ವಿದ್ಯಾರ್ಥಿಗಳು, ಅವರಿಗೆ ಹೇಳಿಕೊಡುವ ಶಿಕ್ಷಕರು ಹಾಗೂ ತಂದೆತಾಯಿಯರೇ ಮುಖ್ಯ ಓದುಗರು ಎಂಬುದನ್ನು ನೆನಪಿಟ್ಟರೆ ಸಾಕು.

ಎರಡನೆಯ ಅಂಕಣ ಚಾಂದ್ರಮಾನದ ಹಬ್ಬಗಳದ್ದು. ಚಾಂದ್ರಮಾನದ ವರ್ಷ ನಮ್ಮ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತವೆ, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಹೋಗುತ್ತವೆ. ಗಣೇಶ ಚತುರ್ಥಿ 2025ರಲ್ಲಿ ಆಗಸ್ಟ್ 27ಕ್ಕೆ ಇದ್ದು, ಅಧಿಕ ಜ್ಯೇಷ್ಠ ಬರುವ 2026ರಲ್ಲಿ ಸೆಪ್ಟೆಂಬರ್ 14ಕ್ಕೆ ಬೀಳುವುದು ಈ ಕಾರಣದಿಂದಲೇ. ವರಮಹಾಲಕ್ಷ್ಮಿ ವ್ರತಕ್ಕೆ ಇದರ ಮೇಲೆ ವಾರದ ನಿಯಮವೂ ಇದೆ: ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಅದನ್ನು ಆಚರಿಸುತ್ತಾರೆ.

ಈ ಅಂಕಣ ತುಂಬುವಾಗ ಸರ್ಕಾರಿ ರಜೆಗಳ ಪಟ್ಟಿಯೊಂದನ್ನೇ ನಂಬಬಾರದು. ಭಾನುವಾರ ಅಥವಾ ಎರಡನೆಯ ಶನಿವಾರ ಬೀಳುವ ಹಬ್ಬಗಳನ್ನು ರಾಜ್ಯ ಸರ್ಕಾರ ಸಾರ್ವತ್ರಿಕ ರಜೆಗಳ ಪಟ್ಟಿಗೆ ಸೇರಿಸುವುದಿಲ್ಲ. 2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಮುಸ್ಲಿಂ ಹಬ್ಬಗಳ ದಿನ ಚಂದ್ರದರ್ಶನಕ್ಕೆ ಅನುಗುಣವಾಗಿ ಬದಲಾಗಬಹುದು. ರಜೆಯ ಪಟ್ಟಿಯ ಜೊತೆ ಒಂದು ಪಂಚಾಂಗವನ್ನೂ ಇಟ್ಟುಕೊಂಡು, ಎರಡರಲ್ಲಿ ವ್ಯತ್ಯಾಸ ಕಂಡಲ್ಲಿ ಆ ವ್ಯತ್ಯಾಸವನ್ನೇ ಓದುಗರಿಗೆ ತಿಳಿಸುವುದು ಪ್ರಾಮಾಣಿಕ ಮಾರ್ಗ. ಇಡೀ ನಾಡಿಗೆ ಒಂದೇ ದಿನ ಹೇಳಲಾಗದ ಹಬ್ಬಗಳೂ ಇವೆ. 2025ರಲ್ಲಿ ರಾಜ್ಯದ ಬಹುಭಾಗದಲ್ಲಿ ಕೃಷ್ಣ ಜನ್ಮಾಷ್ಟಮಿ ಆಗಸ್ಟ್ ಮಧ್ಯದಲ್ಲಿ ಮುಗಿದಿತ್ತು, ಸೌರಮಾನ ಅನುಸರಿಸುವ ಉಡುಪಿಯಲ್ಲಿ ಅದು ಸೆಪ್ಟೆಂಬರ್ 14ಕ್ಕೆ ನಡೆಯಿತು. ಉಡುಪಿಯ ಓದುಗರು ಆಗಸ್ಟಿನ ಲೇಖನವನ್ನು ತಪ್ಪು ಎಂದೇ ಭಾವಿಸುತ್ತಾರೆ, ಹಾಗೆ ಭಾವಿಸಲು ಅವರಿಗೆ ಕಾರಣವೂ ಇದೆ.

ಮೂರನೆಯ ಅಂಕಣ ಪ್ರಕಟಣೆಯಿಂದಷ್ಟೇ ತಿಳಿಯುವ ದಿನಗಳದ್ದು, ಅಂದರೆ ಪರೀಕ್ಷೆ ಮತ್ತು ಫಲಿತಾಂಶದ್ದು. ಅದಕ್ಕೆ ಮುಂದೆ ಬರುತ್ತೇನೆ.

ಜನ ಯಾವಾಗ, ಯಾವ ಪದದಲ್ಲಿ ಹುಡುಕುತ್ತಾರೆ ಎಂದು ನೋಡಿ

ಗೂಗಲ್ ಟ್ರೆಂಡ್ಸ್ ತಾಣದಲ್ಲಿ (trends.google.com) ಪ್ರದೇಶವನ್ನು ಕರ್ನಾಟಕಕ್ಕೆ ಸೀಮಿತಗೊಳಿಸಿ, ಹಿಂದಿನ ವರ್ಷದ ಹಬ್ಬಕ್ಕೆ ಎರಡು ತಿಂಗಳ ಮೊದಲಿನಿಂದ ಹಬ್ಬದ ಮರುವಾರದವರೆಗಿನ ಅವಧಿಯನ್ನು ಆರಿಸಿಕೊಳ್ಳಿ. ಐದು ವರ್ಷದ ಅವಧಿ ಆರಿಸಿದರೆ ಅದು ವಾರಕ್ಕೊಂದು ಅಂಕ ಮಾತ್ರ ಕೊಡುತ್ತದೆ, ಚಿಕ್ಕ ಅವಧಿಗೆ ದಿನದ ಅಂಕ ಸಿಗುತ್ತದೆ; ನಮಗೆ ಬೇಕಿರುವುದು ದಿನದ ಅಂಕ. ಅಲ್ಲಿ ಕಾಣುವ 0ಯಿಂದ 100ರವರೆಗಿನ ಸಂಖ್ಯೆ ಎಷ್ಟು ಜನ ಹುಡುಕಿದರು ಎಂಬ ಲೆಕ್ಕವಲ್ಲ, ಆ ಅವಧಿಯ ಗರಿಷ್ಠಕ್ಕೆ ಹೋಲಿಸಿದ ಪ್ರಮಾಣ. ಆದ್ದರಿಂದ ಸೊನ್ನೆ ಕಂಡರೆ ಯಾರೂ ಹುಡುಕಿಲ್ಲ ಎಂದು ತೀರ್ಮಾನಿಸಬೇಡಿ, ಹುಡುಕಿದವರ ಸಂಖ್ಯೆ ತೋರಿಸುವಷ್ಟು ದೊಡ್ಡದಿರಲಿಲ್ಲ ಎಂದಷ್ಟೇ ಅದರ ಅರ್ಥ.

ಕನ್ನಡದಲ್ಲಿ ಬರೆಯುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಕನ್ನಡದಲ್ಲಿ ಓದಬಯಸುವ ಎಲ್ಲರೂ ಕನ್ನಡ ಲಿಪಿಯಲ್ಲಿ ಟೈಪ್ ಮಾಡುವುದಿಲ್ಲ. ಒಂದೇ ಹಬ್ಬವನ್ನು ಕೆಲವರು ‘ವರಮಹಾಲಕ್ಷ್ಮಿ ಹಬ್ಬ’ ಎಂದು, ಕೆಲವರು ‘ವರಮಹಾಲಕ್ಷ್ಮೀ ವ್ರತ’ ಎಂದು ದೀರ್ಘ ಹಾಕಿ, ಇನ್ನೂ ಕೆಲವರು ಹೀಗೆ ಬರೆದು ಹುಡುಕುತ್ತಾರೆ:

```
varamahalakshmi habba yavaga
varamahalakshmi pooja vidhana in kannada
```

ಈ ರೂಪಗಳನ್ನೆಲ್ಲ ಟ್ರೆಂಡ್ಸ್‌ನಲ್ಲಿ ಬೇರೆ ಬೇರೆಯಾಗಿ ನೋಡಿ. ಆದರೆ ಅಷ್ಟನ್ನೂ ಲೇಖನದೊಳಗೆ ತುರುಕುವ ಅಗತ್ಯವಿಲ್ಲ. ಶೀರ್ಷಿಕೆ ಕನ್ನಡದಲ್ಲಿದ್ದು, ಪುಟದ ವಿಳಾಸದಲ್ಲಿ ರೋಮನ್ ಲಿಪಿಯ ಸರಳ ರೂಪವಿದ್ದರೆ, ಎರಡು ಬಗೆಯ ಓದುಗರಿಗೂ ಪುಟದ ಗುರುತು ಸಿಗುತ್ತದೆ.

ದಿನಕ್ಕೆ ತಕ್ಕ ಪ್ರಶ್ನೆಯನ್ನು ಬರೆದುಕೊಳ್ಳಿ

2025ರ ವರಮಹಾಲಕ್ಷ್ಮಿ ಹಬ್ಬವನ್ನೇ ಇಟ್ಟುಕೊಂಡು ಹಿಂದಕ್ಕೆ ಎಣಿಸೋಣ. ಹಬ್ಬಕ್ಕೆ 45 ದಿನ ಇರುವಾಗ, ಅಂದರೆ ಜೂನ್ 24ಕ್ಕೆ, ಮುಖ್ಯ ಪುಟ ಸಿದ್ಧವಾಗಿರಬೇಕು. ಆಗ ಓದುಗರಿಗೆ ಬೇಕಿರುವುದು ಒಂದೇ ಉತ್ತರ: ಈ ವರ್ಷ ಹಬ್ಬ ಯಾವಾಗ? ಅಷ್ಟು ಬೇಗ ಪ್ರಕಟಿಸಲು ಕಾರಣ, ಹುಡುಕಾಟದ ಯಂತ್ರಗಳು ಪುಟವನ್ನು ಕಂಡು, ಸೇರಿಸಿಕೊಂಡು, ಇತರ ಪುಟಗಳ ನಡುವೆ ಅದರ ಸ್ಥಾನ ನಿರ್ಧರಿಸಲು ಸಮಯ ಹಿಡಿಯುತ್ತದೆ. ದೊಡ್ಡ ಸುದ್ದಿ ತಾಣಗಳಿಗೆ ಗಂಟೆಗಳಲ್ಲಿ ಆಗುವ ಈ ಕೆಲಸ ಚಿಕ್ಕ ತಾಣಕ್ಕೆ ವಾರಗಳನ್ನೇ ತೆಗೆದುಕೊಳ್ಳಬಹುದು.

ಹಬ್ಬಕ್ಕೆ 20 ದಿನ ಇರುವಾಗ, ಜುಲೈ 19ರ ಹೊತ್ತಿಗೆ, ಇನ್ನೂ ಆಷಾಢ ಮುಗಿದಿರಲಿಲ್ಲ. ಆಗ ಬರುವ ಪ್ರಶ್ನೆಗಳು ತಯಾರಿಯವು: ಪೂಜಾ ಸಾಮಗ್ರಿಯ ಪಟ್ಟಿ, ಕಲಶಕ್ಕೆ ಸೀರೆ ಉಡಿಸುವ ಬಗೆ, ಮಂಟಪದ ಅಲಂಕಾರ. ಇವಕ್ಕೆ ಚಿತ್ರಗಳು ಬೇಕು. ಸೀರೆಯ ನೆರಿಗೆ ಹಿಡಿಯುವುದನ್ನು ಬರೀ ವಾಕ್ಯದಲ್ಲಿ ಹೇಳಿ ಪ್ರಯೋಜನವಿಲ್ಲ. ಆ ಚಿತ್ರಗಳನ್ನು ಹಿಂದಿನ ವರ್ಷದ ಹಬ್ಬದಲ್ಲೇ ತೆಗೆದಿಟ್ಟುಕೊಳ್ಳಬೇಕಾಗುತ್ತದೆ ಎಂಬುದನ್ನು ಬಹಳ ಮಂದಿ ಜುಲೈನಲ್ಲಿ ನೆನಪಿಸಿಕೊಳ್ಳುತ್ತಾರೆ.

ಹತ್ತು ದಿನ ಉಳಿದಾಗ, ಜುಲೈ 29ಕ್ಕೆ, ನಾಗರ ಪಂಚಮಿ ಬಂದಿತ್ತು. ಆ ದಿನ ಹೊಸ ವರಮಹಾಲಕ್ಷ್ಮಿ ಲೇಖನ ಹಾಕುವ ಬದಲು, ನಾಗರ ಪಂಚಮಿಯ ಪುಟದಿಂದ ಮುಂದಿನ ಹಬ್ಬದ ಪುಟಕ್ಕೆ ದಾರಿ ಮಾಡಿಕೊಡುವುದು ಲೇಸು. ಕೊನೆಯ ನಾಲ್ಕೈದು ದಿನ ಪೂಜಾ ವಿಧಾನ, ಮುಹೂರ್ತ ಮತ್ತು ನೈವೇದ್ಯದ ಅಡುಗೆಗಳದ್ದು. ಹಬ್ಬದ ಬೆಳಿಗ್ಗೆ ವ್ರತದ ಕಥೆ ಮತ್ತು ಅಷ್ಟೋತ್ತರ. ಕಥೆಯ ಪುಟದ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ. ದೇವರ ಮುಂದೆ ಕುಳಿತು, ಒಂದು ಕೈಯಲ್ಲಿ ಅಕ್ಷತೆ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುತ್ತ ಮನೆಯವರಿಗೆಲ್ಲ ಕಥೆ ಓದಿ ಹೇಳುವ ಗೃಹಿಣಿಗೆ ಹಬ್ಬದ ಮಹತ್ವ ಕುರಿತ ಆರು ಪ್ಯಾರಾ ಪೀಠಿಕೆ ಬೇಡ. ಪುಟ ತೆರೆದೊಡನೆ ಕಥೆಯೇ ಆರಂಭವಾಗಬೇಕು, ಅಕ್ಷರ ದೊಡ್ಡದಿರಬೇಕು, ನಡುವೆ ಜಾಹೀರಾತು ಬಂದು ಓದನ್ನು ತಡೆಯಬಾರದು.

ಹಬ್ಬ ಮುಗಿದ ಮೇಲೂ ಎರಡು ಪ್ರಶ್ನೆಗಳು ಉಳಿಯುತ್ತವೆ, ಅವಕ್ಕೆ ಉತ್ತರ ಬರೆದವರು ಕಡಿಮೆ. ಕಲಶವನ್ನು ಯಾವಾಗ ಕದಲಿಸಬೇಕು, ಅದರ ಅಕ್ಕಿ ಮತ್ತು ತೆಂಗಿನಕಾಯಿಯನ್ನು ಏನು ಮಾಡಬೇಕು ಎಂಬುದು ಒಂದು. ಮುಟ್ಟು ಅಥವಾ ಸೂತಕದ ಕಾರಣ ಆ ಶುಕ್ರವಾರ ವ್ರತ ಮಾಡಲಾಗದವರು ಯಾವಾಗ ಮಾಡಬೇಕು ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಯನ್ನು ಹಿರಿಯರ ಬಳಿ ಕೇಳಲು ಸಂಕೋಚಪಡುವವರು ಮೊಬೈಲನ್ನು ಕೇಳುತ್ತಾರೆ. ಶ್ರಾವಣದ ಬೇರೆ ಶುಕ್ರವಾರಗಳಲ್ಲಿ ಆಚರಿಸುವ ರೂಢಿ ಅನೇಕ ಮನೆಗಳಲ್ಲಿದೆ ಎಂದು ತಿಳಿಸಿ, ಮನೆಯ ಪದ್ಧತಿಯನ್ನು ಗೌರವಿಸುವ ಉತ್ತರವನ್ನು ಹಬ್ಬಕ್ಕೆ ಮೊದಲೇ ಪುಟದಲ್ಲಿ ಇಟ್ಟಿರಬೇಕು.

ಪ್ರತಿ ವರ್ಷ ಹೊಸ ಪುಟ ಬೇಡ

```
/varamahalakshmi-habba
/varamahalakshmi-habba-2025
```

ಇವೆರಡರಲ್ಲಿ ಮೊದಲ ವಿಳಾಸವನ್ನೇ ಆರಿಸಿಕೊಳ್ಳಿ. ಇಸವಿಯನ್ನು ಶೀರ್ಷಿಕೆಯಲ್ಲಿ ಬದಲಿಸಬಹುದು, ವಿಳಾಸದಲ್ಲಿ ಬದಲಿಸಿದರೆ ಪುಟವೇ ಹೊಸದಾಗುತ್ತದೆ, ಹಳೆಯ ಪುಟ ಗಳಿಸಿದ ಸ್ಥಾನ ಅಲ್ಲೇ ಉಳಿಯುತ್ತದೆ. ನಾನೂ ಹಿಂದೆ ವರ್ಷಕ್ಕೊಂದು ಪುಟ ಮಾಡುತ್ತಿದ್ದೆ. ಮೂರನೆಯ ವರ್ಷ ಓದುಗರು ಹಳೆಯ ಪುಟಕ್ಕೆ ಬಂದು ಹಿಂದಿನ ವರ್ಷದ ತಾರೀಖು ಓದಿಕೊಂಡು ಹೋಗುತ್ತಿದ್ದುದು ತಿಳಿಯಿತು. ಈಗಾಗಲೇ ಹಲವು ಪುಟಗಳಿದ್ದರೆ, ಒಂದನ್ನು ಉಳಿಸಿಕೊಂಡು, ಉಳಿದವುಗಳಿಗೆ ಬಂದವರು ತಾನಾಗಿಯೇ ಅದಕ್ಕೆ ಹೋಗುವಂತೆ ಶಾಶ್ವತ ಮರುನಿರ್ದೇಶನ ಕೊಡಿ. ಪುಟವನ್ನು ನವೀಕರಿಸುವಾಗ ತಾರೀಖು, ವಾರ ಮತ್ತು ಮುಹೂರ್ತ ಮೂರನ್ನೂ ಬದಲಿಸಿದ್ದೀರಾ ಎಂದು ಎರಡು ಬಾರಿ ನೋಡಿ. ಶೀರ್ಷಿಕೆಯ ಇಸವಿ ಮಾತ್ರ ಬದಲಾಗಿ ಒಳಗಿನ ಮುಹೂರ್ತ ಹಳೆಯದೇ ಉಳಿದರೆ ಅದನ್ನು ನಂಬಿದವರ ಪೂಜೆಯೇ ತಪ್ಪುತ್ತದೆ.

ಪರೀಕ್ಷೆಯ ದಿನಗಳಲ್ಲಿ ಊಹೆ ಬೇಡ

ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ 2024ರಲ್ಲಿ ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ ಬಂದಿತು. ಈ ಎರಡು ದಿನಗಳಿಂದ ಮುಂದಿನ ವರ್ಷದ ದಿನವನ್ನು ಊಹಿಸಿ ಶೀರ್ಷಿಕೆ ಕೊಡುವುದು ಮಕ್ಕಳ ಆತಂಕದೊಡನೆ ಆಡಿದಂತೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮೊದಲು ತಾತ್ಕಾಲಿಕ ವೇಳಾಪಟ್ಟಿಯನ್ನೂ ಆಕ್ಷೇಪಣೆಗಳ ನಂತರ ಅಂತಿಮ ವೇಳಾಪಟ್ಟಿಯನ್ನೂ ಪ್ರಕಟಿಸುತ್ತದೆ. ಮೊದಲನೆಯದು ಬಂದಾಗ ಶೀರ್ಷಿಕೆಯಲ್ಲೇ ‘ತಾತ್ಕಾಲಿಕ’ ಎಂದಿರಬೇಕು, ಎರಡನೆಯದು ಬಂದ ದಿನವೇ ಅದನ್ನು ತೆಗೆಯಬೇಕು.

ಫಲಿತಾಂಶದ ದಿನ ಎಲ್ಲರೂ ಹೋಗುವುದು karresults.nic.in ತಾಣಕ್ಕೆ. ಆ ದಿನದ ಪೈಪೋಟಿಗೆ ಇಳಿಯುವುದಕ್ಕಿಂತ ಮರುದಿನದ ಪ್ರಶ್ನೆಗಳಿಗೆ ಸಿದ್ಧರಾಗುವುದು ಚಿಕ್ಕ ತಾಣಕ್ಕೆ ಸೂಕ್ತ: ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯುವುದು ಹೇಗೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹೇಗೆ, 2024ರಿಂದ ಜಾರಿಗೆ ಬಂದಿರುವ ಪರೀಕ್ಷೆ-2ನ್ನು ಬರೆಯುವುದು ಹೇಗೆ, ಪಿಯುಸಿಯೋ ಡಿಪ್ಲೊಮಾವೋ ಎಂಬ ಆಯ್ಕೆ. ಇವುಗಳ ಕ್ರಮವನ್ನು ಏಪ್ರಿಲ್‌ನಲ್ಲೇ ಬರೆದಿಟ್ಟು, ಶುಲ್ಕ ಮತ್ತು ಕೊನೆಯ ದಿನದ ಜಾಗವನ್ನು ಖಾಲಿ ಬಿಟ್ಟು, ಮಂಡಳಿಯ ಪ್ರಕಟಣೆ ನೋಡಿಯೇ ತುಂಬಿ.

ಹಬ್ಬದ ಮರುವಾರ ಲೆಕ್ಕ ನೋಡಿ

ನಿಮ್ಮ ಪುಟಗಳು ಯಾವ ಹುಡುಕಾಟಕ್ಕೆ, ಎಷ್ಟನೆಯ ಸ್ಥಾನದಲ್ಲಿ ಕಾಣಿಸಿಕೊಂಡವು ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. 2024ರ ಆಗಸ್ಟ್‌ನ ಅಂಕಿಗಳು 2026ರ ಜನವರಿಗೆ ಸಿಗುವುದಿಲ್ಲವಾದ್ದರಿಂದ ಪ್ರತಿ ಹಬ್ಬದ ನಂತರ ಅವನ್ನು ಇಳಿಸಿಕೊಂಡು ಜೋಪಾನ ಮಾಡಬೇಕು. ಹೋಲಿಸುವಾಗ ಎರಡು ಆಗಸ್ಟ್‌ಗಳನ್ನು ಪಕ್ಕಪಕ್ಕ ಇಡಬೇಡಿ. 2024ರ ಜುಲೈ 17ರಿಂದ ಆಗಸ್ಟ್ 17ರವರೆಗಿನ ಅವಧಿಯನ್ನು 2025ರ ಜುಲೈ 9ರಿಂದ ಆಗಸ್ಟ್ 9ರ ಅವಧಿಯೊಡನೆ ಹೋಲಿಸಿ. ಎರಡೂ ಹಬ್ಬಕ್ಕೆ 30 ದಿನ ಮೊದಲು ಆರಂಭವಾಗಿ ಮರುದಿನ ಮುಗಿಯುತ್ತವೆ.

ಪುಟ ಬಹಳ ಬಾರಿ ಕಾಣಿಸಿಕೊಂಡರೂ ಸರಾಸರಿ ಸ್ಥಾನ ಹಬ್ಬದವರೆಗೂ ಹತ್ತರ ಆಚೆಗೇ ಉಳಿದು, ಹಬ್ಬ ಮುಗಿದ ಮೇಲೆ ಮೇಲಕ್ಕೆ ಬಂದಿದ್ದರೆ ಪ್ರಕಟಣೆ ತಡವಾಗಿತ್ತು ಎಂದು ಶಂಕಿಸಬೇಕು. ಮುಂದಿನ ಬಾರಿ ಎರಡು ವಾರ ಮುಂಚೆ ಪ್ರಕಟಿಸಿ ನೋಡಿ. ಒಂದೇ ಪ್ರಶ್ನೆಗೆ ನಿಮ್ಮ ಎರಡು ಪುಟಗಳು ಸರದಿಯಂತೆ ಕಾಣಿಸಿಕೊಳ್ಳುತ್ತಿದ್ದರೆ ಅವನ್ನು ಒಂದಾಗಿಸಬೇಕು. ನಿಮ್ಮ ಪುಟದಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳಿಗೂ ಅದು ಕಾಣಿಸಿಕೊಂಡಿದ್ದರೆ, ಆ ಪ್ರಶ್ನೆಗಳನ್ನು ಓದುಗರು ಬರೆದ ರೂಪದಲ್ಲೇ ಮುಂದಿನ ವರ್ಷದ ಹಾಳೆಗೆ, ಹಬ್ಬಕ್ಕೆ ಎಷ್ಟು ದಿನ ಇರುವಾಗ ಬಂದವು ಎಂಬ ಸಂಖ್ಯೆಯೊಡನೆ, ಬರೆದುಕೊಳ್ಳಿ.