ಊರು ಬದಲಾದಾಗ ವಿಳಾಸ ಬದಲಾವಣೆ: ಗ್ಯಾಸ್‌ನಿಂದ ಆರಂಭಿಸಿ

ಹುಬ್ಬಳ್ಳಿಯಿಂದ ಮೈಸೂರಿಗೆ ವರ್ಗವಾಗಿ ಬಂದು ಬಾಡಿಗೆ ಮನೆ ಹಿಡಿದ ಒಂದು ಕುಟುಂಬವನ್ನು ಇಟ್ಟುಕೊಂಡು ಈ ಕೆಲಸವನ್ನು ನೋಡೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಎಲ್ಲಿ ಹೋದರೂ ಹೊಸ ವಿಳಾಸದ ಪುರಾವೆ ಕೇಳುತ್ತಾರೆ. ಆದರೆ ಮನೆಯ ವಿದ್ಯುತ್ ಬಿಲ್ ಮಾಲೀಕರ ಹೆಸರಿನಲ್ಲಿದೆ, ಆಧಾರ್‌ನಲ್ಲಿ ಹುಬ್ಬಳ್ಳಿಯ ವಿಳಾಸವಿದೆ, ಕೈಯಲ್ಲಿರುವುದು 11 ತಿಂಗಳ ಬಾಡಿಗೆ ಕರಾರು ಪತ್ರ ಮಾತ್ರ. ನೋಂದಣಿಯಾಗದೆ ಬರೀ ಸ್ಟಾಂಪ್ ಪೇಪರಿನಲ್ಲಿರುವ ಕರಾರನ್ನು ನೇರವಾಗಿ ಆಧಾರ್‌ಗೆ ಕೊಟ್ಟರೆ ಅರ್ಜಿ ತಿರಸ್ಕೃತವಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಗ್ಯಾಸ್ ಸಂಪರ್ಕದಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈ ಕೆಲಸ ಹಳೆಯ ಊರನ್ನು ಬಿಡುವ ಮೊದಲೇ ಶುರುವಾಗಬೇಕು. ಒಂದೇ ಊರಿನೊಳಗೆ ಮನೆ ಬದಲಿಸಿದರೆ ಸಿಲಿಂಡರನ್ನು ಒಪ್ಪಿಸಬೇಕಿಲ್ಲ; ಬೇರೆ ಊರಿಗೆ ಹೋಗುವವರು ಸಿಲಿಂಡರ್ ಮತ್ತು ರೆಗ್ಯುಲೇಟರ್ ಎರಡನ್ನೂ ಹಳೆಯ ಏಜೆನ್ಸಿಗೆ ಒಪ್ಪಿಸಿ, ಠೇವಣಿಯನ್ನು ವಾಪಸ್ ಪಡೆದು, ವರ್ಗಾವಣೆ ವೋಚರ್ ತೆಗೆದುಕೊಳ್ಳಬೇಕು. ಒಲೆ ಮತ್ತು ಪೈಪು ನಿಮ್ಮವೇ. ಸಂಪರ್ಕ ಪಡೆದಾಗ ಕೊಟ್ಟಿದ್ದ ಚಂದಾದಾರ ವೋಚರಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಠೇವಣಿ ಮರಳುತ್ತದೆ, ಹೊಸ ಊರಿನಲ್ಲಿ ಮಾತ್ರ ಈಗಿನ ದರ ಕಟ್ಟಬೇಕು. ಹಿಂದೆ 14.2 ಕಿಲೋ ಸಿಲಿಂಡರಿಗೆ 1,450 ಮತ್ತು ರೆಗ್ಯುಲೇಟರಿಗೆ 150 ರೂಪಾಯಿ ಕಟ್ಟಿದ್ದವರಿಗೆ ಕೈಗೆ ಬರುವುದು 1,600. 2022ರ ಜೂನ್‌ನಲ್ಲಿ ಈ ದರಗಳು 2,200 ಮತ್ತು 250ಕ್ಕೆ ಏರಿದ್ದರಿಂದ ಹೊಸ ಊರಿನಲ್ಲಿ 2,450 ಕೊಡಬೇಕಾಗುತ್ತದೆ. ಒಂದು ಸಿಲಿಂಡರಿನ ಸಂಪರ್ಕಕ್ಕೆ 850 ರೂಪಾಯಿ ಕೈಯಿಂದ ಹೋಗುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರೆ ಏಜೆನ್ಸಿಯವರ ಜೊತೆ ವಾದಕ್ಕಿಳಿಯುವ ಪ್ರಸಂಗ ಬರುವುದಿಲ್ಲ. ಮೈಸೂರಿನ ಏಜೆನ್ಸಿಯಲ್ಲಿ ವರ್ಗಾವಣೆ ವೋಚರ್ ಮತ್ತು ಬಾಡಿಗೆ ಕರಾರನ್ನು ಕೊಟ್ಟು ಸಂಪರ್ಕ ಪಡೆದ ಮೇಲೆ, ಮೊದಲ ಸಿಲಿಂಡರಿನ ಬಿಲ್ಲಿನಲ್ಲಿ ಹೆಸರು, ಪೂರ್ಣ ವಿಳಾಸ, ಪಿನ್‌ಕೋಡ್ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲಿಯೇ ಸರಿಪಡಿಸಿಕೊಳ್ಳಿ. ಮುಂದಿನ ಹೆಜ್ಜೆಗೆ ಬೇಕಾದ ಪುರಾವೆ ಇದೇ.

ಆಧಾರ್‌ಗೆ ಮೂರು ತಿಂಗಳೊಳಗಿನ ಗ್ಯಾಸ್ ಬಿಲ್ ಆಗುತ್ತದೆ. ಬಿಲ್ ಯಾರ ಹೆಸರಿನಲ್ಲಿದೆಯೋ ಅವರ ವಿಳಾಸವನ್ನೇ ಮೊದಲು ಬದಲಿಸಬೇಕು. ನಮ್ಮ ಉದಾಹರಣೆಯಲ್ಲಿ ಗ್ಯಾಸ್ ಹೆಂಡತಿಯ ಹೆಸರಿನಲ್ಲಿದೆ ಎಂದುಕೊಂಡರೆ, ಆಕೆ ಮೈ ಆಧಾರ್ ಜಾಲತಾಣದಲ್ಲಿ ಬಿಲ್ ಸೇರಿಸಿ ಅರ್ಜಿ ಹಾಕುತ್ತಾರೆ. ಅಲ್ಲಿ ಪಿನ್‌ಕೋಡ್ ಹಾಕಿದ ಕೂಡಲೇ ಊರು ಮತ್ತು ಅಂಚೆ ಕಚೇರಿಯ ಹೆಸರುಗಳ ಪಟ್ಟಿ ಬರುತ್ತದೆ, ಆ ಪಟ್ಟಿಯಿಂದಲೇ ಆರಿಸಿಕೊಳ್ಳಬೇಕು. ಆ ಬರಹದ ರೂಪವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಬ್ಯಾಂಕಿನಲ್ಲೂ ಶಾಲೆಯಲ್ಲೂ ಅಕ್ಷರಶಃ ಹಾಗೆಯೇ ಬರೆಯುವುದು ಒಳಿತು, ಏಕೆಂದರೆ ಒಂದು ಕಡೆ ‘2ನೇ ಹಂತ’, ಇನ್ನೊಂದು ಕಡೆ ‘ಎರಡನೇ ಸ್ಟೇಜ್’ ಎಂದಿದ್ದರೆ ಪರಿಶೀಲಿಸುವವರಿಗೆ ಅನುಮಾನ ಬರುತ್ತದೆ.

ಆಕೆಯ ಆಧಾರ್ ಬದಲಾದ ಮೇಲೆ ಗಂಡ ಮತ್ತು ಮಕ್ಕಳಿಗೆ ಬೇರೆ ಬೇರೆ ಪುರಾವೆ ಹುಡುಕಬೇಕಿಲ್ಲ. ‘ಕುಟುಂಬದ ಮುಖ್ಯಸ್ಥರ’ ಆಧಾರದ ಮೇಲೆ ವಿಳಾಸ ಬದಲಿಸುವ ಸೌಲಭ್ಯ 2023ರಿಂದ ಇದೆ. ಇಲ್ಲಿ ಮುಖ್ಯಸ್ಥರೆಂದರೆ 18 ವರ್ಷ ದಾಟಿದ ಯಾರಾದರೂ ಆಗಬಹುದು. ಸಂಬಂಧ ತೋರಿಸಲು ಪಡಿತರ ಚೀಟಿ, ವಿವಾಹ ಪ್ರಮಾಣಪತ್ರದಂಥ ದಾಖಲೆ, ಅದೂ ಇಲ್ಲದಿದ್ದರೆ ನಿಗದಿತ ನಮೂನೆಯ ಸ್ವಯಂ ಘೋಷಣೆ ಸಾಕು. ಹಲವರು ಎಡವುವುದು ಇದರ ನಂತರ: ಅರ್ಜಿ ಹಾಕಿದ 30 ದಿನಗಳೊಳಗೆ ಮುಖ್ಯಸ್ಥರು ತಮ್ಮ ಲಾಗಿನ್‌ನಲ್ಲಿ ಒಪ್ಪಿಗೆ ಕೊಡದಿದ್ದರೆ ಅರ್ಜಿ ಮುಚ್ಚಿಹೋಗುತ್ತದೆ, ಕಟ್ಟಿದ ಶುಲ್ಕವೂ ಮರಳುವುದಿಲ್ಲ. ಇದೆಲ್ಲ ಒಟಿಪಿ ಮೂಲಕ ನಡೆಯುವುದರಿಂದ ಹಳೆಯ ಮೊಬೈಲ್ ಸಂಖ್ಯೆಯನ್ನು ಅಲ್ಲಿಯವರೆಗೆ ಬಿಡಬೇಡಿ.

ಬ್ಯಾಂಕಿನಲ್ಲಿ ಬದಲಾಗಿರುವುದು ವಿಳಾಸ ಮಾತ್ರವಾಗಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸ್ವಯಂ ಘೋಷಣೆಯನ್ನು ಕೊಡಬಹುದು. ಎರಡು ತಿಂಗಳೊಳಗೆ ಆ ವಿಳಾಸಕ್ಕೆ ಪತ್ರ ಕಳುಹಿಸಿಯೋ ಬೇರೆ ರೀತಿಯಲ್ಲೋ ಬ್ಯಾಂಕ್ ಅದನ್ನು ಖಚಿತಪಡಿಸಿಕೊಳ್ಳುತ್ತದೆ. ಆ ಪತ್ರ ತಲುಪದೆ ಹಿಂದಿರುಗದಂತೆ ಮನೆಯ ಬಾಗಿಲಲ್ಲಿ ನಿಮ್ಮ ಹೆಸರಿರಲಿ. ವಿಳಾಸ ಬದಲಾವಣೆ ಬೇರೆ, ಶಾಖೆ ವರ್ಗಾವಣೆ ಬೇರೆ. ಶಾಖೆ ಬದಲಿಸಿದರೆ ಐಎಫ್‌ಎಸ್‌ಸಿ ಸಂಕೇತವೂ ಬದಲಾಗುತ್ತದೆ, ಅದನ್ನು ಸಂಬಳ ಕೊಡುವ ಕಚೇರಿಗೆ ತಿಳಿಸದಿದ್ದರೆ ತಿಂಗಳ ಕೊನೆಯಲ್ಲಿ ತೊಂದರೆಯಾಗಬಹುದು. ನಿಜವಾದ ಅಗತ್ಯವಿಲ್ಲದೆ ಶಾಖೆ ಬದಲಿಸುವುದು ಬೇಡ.

ಮತದಾರರ ಪಟ್ಟಿಗೆ ನಮೂನೆ 8 ಸಾಕು.

ಶಾಲೆಯ ವಿಷಯದಲ್ಲಿ, ಊರು ಬಿಡುವ ಮೊದಲು ಟಿ.ಸಿ. ಪಡೆಯುವುದಲ್ಲದೆ, ವಿದ್ಯಾರ್ಥಿಗಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಮಗುವನ್ನು ತಮ್ಮ ಶಾಲೆಯಿಂದ ಬಿಡುಗಡೆ ಮಾಡಿದ್ದಾರೆಯೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಕಾಗದದ ಟಿ.ಸಿ. ಕೈಯಲ್ಲಿದ್ದೂ ಅಲ್ಲಿ ಬಿಡುಗಡೆಯಾಗದಿದ್ದರೆ ಹೊಸ ಶಾಲೆಯ ದಾಖಲಾತಿ ಪೂರ್ಣವಾಗುವುದಿಲ್ಲ. ಮಗುವಿನ ಸ್ಯಾಟ್ಸ್ ಸಂಖ್ಯೆ ಅದೇ ಮುಂದುವರಿಯುತ್ತದೆ. ಹಳೆಯ ವಿಳಾಸವಿದೆ ಎಂದು ಟಿ.ಸಿ.ಯನ್ನು ತಿದ್ದಿಸುವ ಅಗತ್ಯವಿಲ್ಲ, ತಿದ್ದಿಸಲೂ ಬಾರದು. ಹೊಸ ವಿಳಾಸ ಸೇರಬೇಕಾದದ್ದು ಹೊಸ ಶಾಲೆಯ ದಾಖಲಾತಿ ಅರ್ಜಿಯಲ್ಲಿ. ಮಗುವಿನ ಹೆಸರು ಮತ್ತು ಹುಟ್ಟಿದ ದಿನಾಂಕ ಟಿ.ಸಿ.ಯಲ್ಲೂ ಆಧಾರ್‌ನಲ್ಲೂ ಒಂದೇ ಆಗಿವೆಯೇ ಎಂಬುದನ್ನು ಹಳೆಯ ಶಾಲೆಯ ಕಚೇರಿಯಲ್ಲಿ ನಿಂತೇ ಓದಿ ನೋಡಿಕೊಳ್ಳಿ, ಏಕೆಂದರೆ ಅಲ್ಲಿನ ತಪ್ಪನ್ನು ತಿದ್ದಲು ಆಮೇಲೆ ಮೈಸೂರಿನಿಂದ ಮತ್ತೆ ಹುಬ್ಬಳ್ಳಿಗೇ ಹೋಗಬೇಕಾದೀತು.