ಮೊದಲು–ನಂತರ ತೋರಿಸೋಕೆ ನಾನು ಬಳಸಿದ ಒಂದೇ ಚಾರ್ಟ್

ನಮ್ಮ ಮೋಲ್ಡಿಂಗ್ ಮೆಷಿನ್‌ನಲ್ಲಿ ಚೇಂಜ್‌ಓವರ್ ಸಮಯ, ಅಂದರೆ ಒಂದು ಮೋಲ್ಡ್ ತೆಗೆದು ಇನ್ನೊಂದನ್ನು ಹಾಕೋಕೆ ಹಿಡಿಯುವ ಸಮಯ, ಕಡಿಮೆ ಮಾಡಿದ್ದೆವು. ಮೆಷಿನ್ ನಿಲ್ಲಿಸಿದ ಮೇಲೆ ಮಾಡುತ್ತಿದ್ದ ಕೆಲಸಗಳಲ್ಲಿ ಕೆಲವನ್ನು, ಅಂದರೆ ಮುಂದಿನ ಮೋಲ್ಡ್ ತಂದಿಡುವುದು, ಅದನ್ನು ಬಿಸಿ ಮಾಡುವುದು, ಬೋಲ್ಟು ಸ್ಪ್ಯಾನರ್ ಜೋಡಿಸಿಡುವುದು, ಇವನ್ನೆಲ್ಲ ಮೆಷಿನ್ ಓಡುತ್ತಿರುವಾಗಲೇ ಮುಗಿಸಿಕೊಳ್ಳುವ ಪದ್ಧತಿ ತಂದೆವು. ಸರಾಸರಿ 48 ನಿಮಿಷ ಇದ್ದದ್ದು 31ಕ್ಕೆ ಬಂತು. ಇದನ್ನು ಮ್ಯಾನೇಜರ್‌ಗಳಿಗೆ ಒಂದೇ ಚಿತ್ರದಲ್ಲಿ ತೋರಿಸಬೇಕಿತ್ತು.

ಎಲ್ಲರೂ ಮಾಡುವುದು ಎರಡು ಕಂಬದ ಬಾರ್ ಚಾರ್ಟ್. ನಾನು ಅದನ್ನು ಬೇಡ ಅಂದೆ. ಎರಡು ಕಂಬ ನೋಡಿದವರಿಗೆ ಸಮಯ ಯಾವಾಗ ಇಳಿಯಿತು ಅನ್ನೋದೇ ಕಾಣಲ್ಲ. ನಾವು ಪದ್ಧತಿ ಬದಲಿಸುವ ಮೊದಲೇ ನಿಧಾನವಾಗಿ ಇಳಿಯುತ್ತಾ ಬಂದಿದ್ದರೂ ಅದೇ ಎರಡು ಕಂಬ ಬರುತ್ತೆ, ಬದಲಾವಣೆಯಾದ ಮೇಲೆ ಸ್ವಲ್ಪ ಕಾಲ ಇಳಿದು ಈಗ ಮತ್ತೆ ಏರುತ್ತಿದ್ದರೂ ಅದೇ ಎರಡು ಕಂಬ ಬರಬಹುದು, ಅಲ್ವಾ?

ಹಾಗಾಗಿ ಒಂದೊಂದು ಚೇಂಜ್‌ಓವರನ್ನೂ ಒಂದು ಬಿಂದುವಾಗಿ, ನಡೆದ ಕ್ರಮದಲ್ಲೇ ಹಾಕಿದೆ. ಅಡ್ಡಕ್ಕೆ ಕ್ರಮ, ಉದ್ದಕ್ಕೆ ನಿಮಿಷ. ಪದ್ಧತಿ ಬದಲಾದ ಜಾಗದಲ್ಲಿ ಒಂದು ನೆಟ್ಟ ಗೆರೆ, ಅದರ ಪಕ್ಕದಲ್ಲೇ ಏನು ಬದಲಾಯಿತು ಅಂತ ಎರಡು ಮೂರು ಪದ. ಗೆರೆಯ ಎಡಕ್ಕೆ ಹಳೆಯ ಸರಾಸರಿ, ಬಲಕ್ಕೆ ಹೊಸ ಸರಾಸರಿ, ಎರಡೂ ಕಡೆ ಅವುಗಳದೇ ಮೇಲಿನ ಮತ್ತು ಕೆಳಗಿನ ಮಿತಿ, ಅಂದರೆ ವಿಶೇಷ ಕಾರಣ ಇಲ್ಲದಿದ್ದರೆ ಬಿಂದುಗಳು ಸಾಮಾನ್ಯವಾಗಿ ಈ ಎರಡರ ನಡುವೆಯೇ ಇರುತ್ತವೆ. ಇದು ಕಂಟ್ರೋಲ್ ಚಾರ್ಟೇ, 1924ರಲ್ಲಿ ವಾಲ್ಟರ್ ಶೂಹಾರ್ಟ್ ಶುರುಮಾಡಿದ್ದು. ಮಧ್ಯದಲ್ಲಿ ಕತ್ತರಿಸಿ ಎರಡು ಭಾಗ ಮಾಡಿದ್ದಷ್ಟೇ ವ್ಯತ್ಯಾಸ.

ಮಿತಿಯ ಲೆಕ್ಕ ಸುಲಭ. ಅಕ್ಕಪಕ್ಕದ ಎರಡು ಬಿಂದುಗಳ ವ್ಯತ್ಯಾಸ ತೆಗೆದು, ಆ ವ್ಯತ್ಯಾಸಗಳ ಸರಾಸರಿಯನ್ನು 2.66ರಿಂದ ಗುಣಿಸಿ, ಬಿಂದುಗಳ ಸರಾಸರಿಗೆ ಕೂಡಿಸಿದರೆ ಮೇಲಿನ ಮಿತಿ, ಕಳೆದರೆ ಕೆಳಗಿನದು. ಎಕ್ಸೆಲ್‌ನಲ್ಲಿ ಒಂದು ಭಾಗದ ಸಮಯ B2ರಿಂದ B21ರವರೆಗೆ ಇದ್ದರೆ, ಮೊದಲ ಸೂತ್ರವನ್ನು C3ರಲ್ಲಿ ಹಾಕಿ ಕೆಳಗೆ ಎಳೆಯಿರಿ, ಎರಡನೆಯದು ಮೇಲಿನ ಮಿತಿ:

```
=ABS(B3-B2)
=AVERAGE(B2:B21)+2.66*AVERAGE(C3:C21)
```

ನಮ್ಮಲ್ಲಿ ಹಳೆಯ ಭಾಗದ ವ್ಯತ್ಯಾಸಗಳ ಸರಾಸರಿ 9 ನಿಮಿಷ, ಮಿತಿ 24ರಿಂದ 72. ಹೊಸ ಭಾಗದ್ದು 4 ನಿಮಿಷ, ಮಿತಿ ಸುಮಾರು 20ರಿಂದ 42. ಹಳೆಯ ಕೊನೆಯ ಬಿಂದುವಿಗೂ ಹೊಸ ಮೊದಲ ಬಿಂದುವಿಗೂ ಇರುವ ವ್ಯತ್ಯಾಸವನ್ನು ಮಾತ್ರ ಯಾವ ಕಡೆಗೂ ಸೇರಿಸಬೇಡಿ. ಅದು ಬದಲಾವಣೆಯದೇ ಜಿಗಿತ, ಸೇರಿಸಿದರೆ ಮಿತಿ ಸುಮ್ನೆ ಅಗಲವಾಗುತ್ತೆ.

ಹಳೆಯ ಸರಾಸರಿಯ ಗೆರೆಯನ್ನು ಚುಕ್ಕೆಚುಕ್ಕೆಯಾಗಿ ಬಲಗಡೆಗೂ ಮುಂದುವರಿಸಿದೆ. ಈ ಚಿತ್ರದಲ್ಲಿ ನನಗೆ ತುಂಬ ಮುಖ್ಯ ಅನಿಸುವುದು ಇದೇ. ಏನೂ ಬದಲಾಗದಿದ್ದರೆ ಬಿಂದುಗಳು ಆ ಚುಕ್ಕೆಗೆರೆಯ ಮೇಲೂ ಕೆಳಗೂ ಓಡಾಡಬೇಕು. ಸಾಲಾಗಿ ಎಂಟು ಬಿಂದು ಒಂದೇ ಕಡೆ ಬಿದ್ದರೆ ಆಕಸ್ಮಿಕ ಅನ್ನೋಕೆ ಕಷ್ಟ. ಹೊಸ ಸರಾಸರಿ, ಹೊಸ ಮಿತಿ ಎಳೆಯೋಕೆ ನಾನು ಅಲ್ಲಿಯವರೆಗೆ ಕಾಯುತ್ತೇನೆ. ಅದಕ್ಕೂ ಮುಂಚೆ ತೋರಿಸಲೇಬೇಕು ಅಂದರೆ ಹಳೆಯ ಗೆರೆಗಳನ್ನಷ್ಟೇ ಬಲಕ್ಕೆ ಎಳೆದು ತೋರಿಸುತ್ತೇನೆ.

ಹೊಸ ಪದ್ಧತಿಯ ಮೊದಲ ನಾಲ್ಕು ಬಿಂದು 40ರ ಆಸುಪಾಸಿನಲ್ಲಿದ್ದವು, ಜನ ಇನ್ನೂ ಕಲಿಯುತ್ತಿದ್ದರು. ಅವನ್ನು ಅಳಿಸಲಿಲ್ಲ, ಒಳಗೆ ಬಣ್ಣವಿಲ್ಲದ ಸುತ್ತುಗಳಾಗಿ ತೋರಿಸಿ ಹೊಸ ಸರಾಸರಿಯ ಲೆಕ್ಕದಿಂದ ಹೊರಗಿಟ್ಟೆ, ಹಾಗಂತ ಚಾರ್ಟಿನಲ್ಲೇ ಬರೆದೆ. ಆಮೇಲೆ ಒಂದು ಬಿಂದು 58ಕ್ಕೆ ಹಾರಿತ್ತು. ಅವತ್ತು ಕ್ರೇನ್ ಸಿಕ್ಕಿರಲಿಲ್ಲ. ಕಾರಣ ಖಚಿತವಾಗಿ ಗೊತ್ತಿದ್ದರಿಂದ ಅದನ್ನೂ, ಅದರ ಹಿಂದಿನ ಮುಂದಿನ ವ್ಯತ್ಯಾಸಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಆದರೆ ಬಿಂದು ಇದ್ದ ಕಡೆಯೇ ಇದೆ, ಪಕ್ಕದಲ್ಲಿ ‘ಕ್ರೇನ್ ಇರಲಿಲ್ಲ’ ಅಂತಿದೆ. ಕಾರಣ ಗೊತ್ತಿಲ್ಲದೆ ಬಿಂದು ಬಿಡೋದು ತಪ್ಪು.

ಚಾರ್ಟಿನ ಶೀರ್ಷಿಕೆಯಲ್ಲಿ ‘ಚೇಂಜ್‌ಓವರ್ ಸಮಯದ ವಿಶ್ಲೇಷಣೆ’ ಅಂತ ಹಾಕದೆ ‘ಚೇಂಜ್‌ಓವರ್ 48ರಿಂದ 31 ನಿಮಿಷಕ್ಕೆ ಇಳಿದಿದೆ, ಏರಿಳಿತವೂ ಅರ್ಧದಷ್ಟಾಗಿದೆ’ ಅಂತ ನೇರವಾಗಿ ಬರೆದೆ. ಪ್ಲಾನಿಂಗ್‌ನವರು ಹಿಡಿದುಕೊಂಡಿದ್ದು ಆ ಎರಡನೇ ಮಾತನ್ನೇ. ಸರಾಸರಿ ಏನೇ ಇರಲಿ, ಅವರು ಶೆಡ್ಯೂಲ್‌ನಲ್ಲಿ ಬಿಡಬೇಕಾದ ಸಮಯ ಮೇಲಿನ ಮಿತಿಯಷ್ಟು. ಮೊದಲು 72 ನಿಮಿಷ ಬಿಡಬೇಕಿತ್ತು, ಈಗ 42 ಸಾಕು. ಅಂದರೆ ಅವರಿಗೆ ಉಳಿದದ್ದು 17 ಅಲ್ಲ, 30 ನಿಮಿಷ.

ಇನ್ನೊಂದು, ಅಳತೆ ಎರಡೂ ಕಡೆ ಒಂದೇ ಆಗಿರಬೇಕು. ನಾವು ಹಿಂದಿನ ಮೋಲ್ಡಿನ ಕೊನೆಯ ಒಳ್ಳೆ ಪೀಸಿನಿಂದ ಮುಂದಿನದರ ಮೊದಲ ಒಳ್ಳೆ ಪೀಸಿನವರೆಗೆ ಎಣಿಸಿದ್ದು. ಮೊದಲು ಹೀಗೆ ಎಣಿಸಿ, ಆಮೇಲೆ ಮೆಷಿನ್ ಸ್ಟಾರ್ಟ್ ಆಗುವವರೆಗೆ ಮಾತ್ರ ಎಣಿಸಿದ್ದರೆ, ಸೆಟ್ಟಿಂಗ್ ಸರಿಹೋಗುವವರೆಗಿನ ಸಮಯವೆಲ್ಲ ಮಾಯವಾಗಿ ಇದೇ ಥರದ ಇಳಿತ ಸುಳ್ಳಾಗಿ ಕಾಣುತ್ತಿತ್ತು, ಚಾರ್ಟ್ ನೋಡಿ ಅದನ್ನು ಹಿಡಿಯೋಕೂ ಆಗ್ತಿರಲಿಲ್ಲ. ಅದಕ್ಕೇ ಅಳತೆ ಎಲ್ಲಿಂದ ಎಲ್ಲಿಗೆ ಅನ್ನೋದನ್ನ ಚಾರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿದ್ದೇನೆ.